ಕೋಟಿನ ಮಾತು ಬೇಡ

ಹ್ಯಾಲಿಫ್ಯಾಕ್ಸಿನ ಸೂರು ಹೊದ್ದ ಮಾರ್ಕೆಟ್ಟಿನಲ್ಲಿ ಮೀನಿನ ಸಾಲು ಮುಗಿದು ಚೀಸಿನ ಅಂಗಡಿಗಳು ಶುರುವಾಗುವ ಮೂಲೆಯಲ್ಲಿ ಎನಿಡ್ ಹಾರ್ಗ್ರೀವ್ಸಳ ಕಾರ್ಡಿನ ಮಳಿಗೆ ಇತ್ತು. ಹುಟ್ಟುಹಬ್ಬದ ಕಾರ್ಡುಗಳು ಮುಂದೆ, ಮದುವೆಯವು ಪಕ್ಕಕ್ಕೆ, ಸಾವಿನವು ಒಳಗೆ, ಅವಳ ಭುಜದ ಹಿಂದೆ. ಸಾವಿನ ಕಾರ್ಡು ಬೇಕಾದವರು ಕೇಳಿ ತೆಗೆಸಿಕೊಳ್ಳಬೇಕು. ಹಾಗೆ ಇಟ್ಟವಳು ಎನಿಡಳೇ. ಕೇಳುವ ನೆಪದಲ್ಲಾದರೂ ಅವರು ಬಾಯಿ ಬಿಡಲಿ ಎಂಬುದು ಅವಳ ಎಣಿಕೆ.

ಅದಕ್ಕೂ ಮುಂಚೆ ಅವಳು ಅಂಚೆಕಚೇರಿಯಲ್ಲಿ ತಂತಿ ಬರೆದುಕೊಳ್ಳುವ ಕಿಟಕಿಯ ಹಿಂದೆ ಕೂತವಳು. ತಂತಿಯಲ್ಲಿ ಪದಕ್ಕಿಷ್ಟು ಎಂದು ದುಡ್ಡು. ಜನ ಕಿಟಕಿಗೆ ಬಂದು ಅಳುತ್ತಾ ಇಡೀ ಕಥೆ ಹೇಳುವರು, ಎನಿಡ್ ಅದನ್ನು ಒಂದು ಸಾಲಿಗೆ ತಂದು ಓದಿ ತೋರಿಸುವಳು. ತಂತಿಯ ಕಾಲ ಮುಗಿಯುತ್ತ ಬಂದಾಗ ಚಿಕ್ಕಮ್ಮನ ಮಳಿಗೆಗೆ ಬಂದಳು. ಮದುವೆಯಾಗಲಿಲ್ಲ. ಆ ಕೈಚಳಕ ಮಾತ್ರ ಅವಳ ಜೊತೆಯಲ್ಲೇ ಬಂತು. ಊರಿನಲ್ಲಿ ಯಾರಾದರೂ ತೀರಿಕೊಂಡರೆ, "ಏನು ಬರೀಬೇಕೋ ಗೊತ್ತಾಗ್ತಿಲ್ಲ, ಎನಿಡ್ ಹತ್ರ ಹೋಗ್ತೀನಿ" ಎನ್ನುವುದು ರೂಢಿಯಾಯಿತು.

ಅವಳ ಕ್ರಮ ಹೀಗಿತ್ತು. ಕಾರ್ಡಿನ ಒಳಗೆ ಬಲಗಡೆ, ಅಚ್ಚಾದ ಮಾತಿನ ಕೆಳಗೆ ಉಳಿಯುವ ಜಾಗದಷ್ಟೇ ದೊಡ್ಡದಾಗಿ ಬಿಳಿ ಕಾಗದ ಕತ್ತರಿಸಿ ಇಟ್ಟಿರುತ್ತಿದ್ದಳು. ಬಂದವರ ಮನಸ್ಸಿನಲ್ಲಿದ್ದುದೆಲ್ಲ ಮೊದಲು ಹೊರಗೆ ಬರಬೇಕು, ಎಷ್ಟು ಉದ್ದವಾದರೂ ಸರಿ. ಆಮೇಲೆ ಪೆನ್ಸಿಲ್ಲು. ಅಚ್ಚಾದ ಮಾತು ಹೇಳಿಬಿಟ್ಟದ್ದನ್ನು ಮತ್ತೆ ಹೇಳುವಂತಿಲ್ಲ. ಬುದ್ಧಿಮಾತು ಹೋಗಬೇಕು. "ಕಾಲವೇ ಮದ್ದು", "ಸದ್ಯ, ನರಳಲಿಲ್ಲವಲ್ಲ" ಎಂಬಂಥವು ಹೋಗಬೇಕು. ಬರೆಯುವವರ ಸ್ವಂತ ಅಳಲು ಹೋಗಬೇಕು, ಯಾಕೆಂದರೆ ಸತ್ತವರ ಮನೆಯವರು ಇನ್ನೊಬ್ಬರನ್ನು ಸಮಾಧಾನ ಮಾಡುವ ಸ್ಥಿತಿಯಲ್ಲಿರುವುದಿಲ್ಲ. ಸತ್ತವರ ಹೆಸರು ಮಾತ್ರ ಉಳಿಯಲೇಬೇಕು. ಜೊತೆಗೆ, ಬೇರೆ ಯಾರೂ ಬರೆಯಲಾಗದ ಒಂದು ಮಾತು. ಅದನ್ನು ಒಂದೇ ಉಸಿರಿಗೆ ಗಟ್ಟಿಯಾಗಿ ಓದುವಳು. ನಾಲಿಗೆ ತಡವರಿಸಿದ ಕಡೆ ಇನ್ನೊಂದು ಪದ ತೆಗೆಯುವಳು.

ಇದೆಲ್ಲಕ್ಕೂ ಮೇಲಿನ ನಿಯಮ ಇನ್ನೊಂದಿತ್ತು. ಕಾಗದ ಬಂದರೆ ಬೀರು ಸೇರುತ್ತದೆ, ಕಾರ್ಡು ಬಂದರೆ ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ ನಿಲ್ಲುತ್ತದೆ. ಚಹಾ ಕುಡಿಯಲು ಬಂದ ನೆರೆಯವರೆಲ್ಲ ಎತ್ತಿ ಓದುತ್ತಾರೆ. ಪಾದ್ರಿಯೂ ಓದುತ್ತಾನೆ. ಹಾಗಾಗಿ ಹಲಗೆಯ ಮೇಲೆ ನಿಲ್ಲಲಾರದ ಮಾತು ಕಾರ್ಡಿನಲ್ಲಿ ಇರಬಾರದು.

ನವೆಂಬರಿನ ಒಂದು ಬೆಳಿಗ್ಗೆ ತೆಳ್ಳನೆಯ ಮಳೆಯಂಗಿ ಹಾಕಿಕೊಂಡು ನಡುಗುತ್ತ ಒಬ್ಬ ಹೆಂಗಸು ಬಂದಳು. ಐವತ್ತರ ಆಚೆ ಈಚೆ. ಹೆಸರು ಡೆಲಿಯಾ ಫರ್ತ್, ಗುಡ್ಡದ ಮೇಲಿನ ಬಡಾವಣೆಯವಳು, ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಕೈಯಲ್ಲಿ ನೀಲಿ ಕಾಗದದ ಹಾಳೆಗಳು, ಎರಡೂ ಮಗ್ಗುಲಲ್ಲಿ ಒತ್ತಾಗಿ ಬರೆದವು.

"ಇದನ್ನ ಒಂದು ಕಾರ್ಡಿಗೆ ಹಿಡಿಸಿಕೊಡ್ತೀರಾ?" ಅಂದಳು.

ಪಕ್ಕದ ಚೀಸಂಗಡಿಯ ಕ್ಲೆಮ್ ತಂತಿಯಿಂದ ಚೀಸು ಕೊಯ್ಯುತ್ತಿದ್ದವನು ಇಣುಕಿದ. "ಅಷ್ಟನ್ನ ಹಿಡಿಸೋಕೆ ಕಾರ್ಡಲ್ಲ ಚಿನ್ನ, ಬಾಗಿಲು ಬೇಕು."

"ನಿನ್ನ ಮೂಗು ನಿನ್ನ ಚೀಸಿನ ಮೇಲಿರಲಿ ಕ್ಲೆಮ್. ಅದು ನಾರೋದು ಇಲ್ಲೀವರೆಗೂ ಬರ್ತಿದೆ" ಎಂದು ಎನಿಡ್ ಅವನತ್ತ ಬೆನ್ನು ತಿರುಗಿಸಿ, ಹೆಂಗಸಿಗೆ ಸ್ಟೂಲು ಕೊಟ್ಟಳು. "ಕೂತ್ಕೊಳಿ. ಯಾರು ಹೋದದ್ದು?"

ಹೋದವನು ಸೆಡ್ರಿಕ್ ಬೂತ್. ಡೆಲಿಯಾಳಿಗೆ ಅವನು ಯಾರೂ ಅಲ್ಲ. ಬಡಾವಣೆಯ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತಿದ್ದ ಮುದುಕ. ಬಸ್ಸು ತಡವಾಗಿತ್ತು. ಅದೂ ಇದೂ ಮಾತಾಡಿದರು. ಮಾತಿನ ನಡುವೆಯೇ ಅವನು ಎದೆ ಹಿಡಿದುಕೊಂಡು ವಾಲಿದ. ಡೆಲಿಯಾ ತನ್ನ ಕೋಟು ಕಳಚಿ ಅವನಿಗೆ ಹೊದಿಸಿದಳು, ಕೈ ಹಿಡಿದುಕೊಂಡು ಕೂತಳು. ಆಂಬುಲೆನ್ಸು ಬರುವ ಹೊತ್ತಿಗೆ ಆ ಕೈ ತಣ್ಣಗಾಗಿತ್ತು. ಕೋಟು ಅವನ ಜೊತೆಯಲ್ಲೇ ಹೋಯಿತು. ಹೆಸರು ಅವನೇ ಹೇಳಿದ್ದ. ಸಂಜೆ ಪತ್ರಿಕೆಯ ನಿಧನ ಸುದ್ದಿಯಲ್ಲಿ ಹೆಂಡತಿಯ ಹೆಸರೂ ಅಂತ್ಯಕ್ರಿಯೆ ನಡೆಸುವವರ ವಿಳಾಸವೂ ಸಿಕ್ಕವು.

"ಅವರ ಹೆಂಡ್ತಿಗೆ ಗೊತ್ತಾಗ್ಬೇಕಲ್ವಾ, ಒಬ್ರೇ ಸಾಯ್ಲಿಲ್ಲ ಅಂತ" ಎಂದಳು ಡೆಲಿಯಾ. "ನನಗೆ ನಿದ್ದೆ ಬರ್ತಿಲ್ಲ. ಬರೀತಾ ಕೂತರೆ ನಿಲ್ಲೋದೇ ಇಲ್ಲ."

ಎನಿಡ್ ಹಾಳೆಗಳನ್ನು ಪೂರ್ತಿ ಓದಿದಳು. ಯಾವ ಬಸ್ಸು, ಎಂಥ ಗಾಳಿ, ತನಗೆ ಹೇಗೆ ಕೈಕಾಲು ಆಡಲಿಲ್ಲ, ಮನೆಗೆ ಹೋಗಿ ಹೇಗೆ ವಾಂತಿಯಾಯಿತು, ಎಲ್ಲ ಇತ್ತು. ಪೆನ್ಸಿಲ್ಲು ಎತ್ತಿಕೊಂಡಳು. ಗಾಳಿ ಹೋಯಿತು, ಬಸ್ಸು ಹೋಯಿತು, ವಾಂತಿ ಹೋಯಿತು. ಡೆಲಿಯಾ ಪ್ರತಿ ಗೀಟಿಗೂ ತಲೆಯಾಡಿಸಿದಳು.

"ಈ ಸ್ನಾನದ ವಿಚಾರ" ಎಂದು ಎನಿಡ್ ಒಂದು ಕಡೆ ನಿಂತಳು.

"ಅದು ಅವರೇ ಹೇಳಿದ್ದು ಕಣ್ರೀ! ಹೆಂಡ್ತಿಗೆ ಸೊಂಟದ ನೋವಂತೆ, ತೊಟ್ಟಿಯಿಂದ ಏಳೋಕಾಗಲ್ವಂತೆ. ತೊಟ್ಟಿಗೆ ಅಡ್ಡ ಹಾಕಿ ಕೂರೋ ಹಲಗೆ ಸೆಕೆಂಡ್ ಹ್ಯಾಂಡಲ್ಲಿ ಇದೆ ಅಂತ ನೋಡೋಕೆ ಬಂದಿದ್ರು. 'ಮುದುಕೀರ ಸಾಮಾನು ನನ್ನ ಮನೆಗೆ ಬರಕೂಡದು ಅಂತಾಳೆ. ಲೈಬ್ರರಿಗೆ ಹೋಗ್ತೀನಿ ಅಂತ ಸುಳ್ಳು ಹೇಳಿ ಬಂದೆ' ಅಂತ ನಕ್ಕರು. ನಗ್ತಾ ಇದ್ದ ಹಾಗೇನೇ..."

"ಚೆನ್ನಾಗಿದೆ. ಆದ್ರೆ ಕಾರ್ಡು ಬೆಂಕಿಗೂಡಿನ ಹಲಗೆ ಮೇಲೆ ನಿಲ್ಲುತ್ತೆ ಮಿಸೆಸ್ ಫರ್ತ್. ಅವಳ ಸೊಂಟ, ಅವಳ ಸ್ನಾನ ಬೀದಿಯವರೆಲ್ಲ ಓದೋದು ಬೇಡ. 'ನಗುತ್ತ ನಿಮ್ಮ ವಿಚಾರ ಹೇಳುತ್ತಿದ್ದರು' ಅನ್ನೋಣ. ಅದರಲ್ಲಿ ಎಲ್ಲ ಬಂತು."

"ಸರಿ. ಮತ್ತೆ ಕೋಟಿಂದು? ಕೋಟಿಗೆ ಯೋಚನೆ ಮಾಡ್ಬೇಡಿ ಅಂತ ಬರೆದಿದ್ದೀನಿ ನೋಡಿ."

"ಕೋಟಿನ ಮಾತು ಬೇಡ."

"ಯಾಕೆ? ನನಗದು ವಾಪಸ್ ಬೇಕಿಲ್ಲ."

"ಬೇಕಿಲ್ಲ ಅಂತ ಬರೆದರೇ ಬೇಕು ಅಂದಹಾಗೆ. ಗಂಡನ್ನ ಕಳ್ಕೊಂಡೋಳು ನಿಮ್ಮ ಕೋಟು ಹಿಡ್ಕೊಂಡು ಡ್ರೈಕ್ಲೀನಿಂಗಿಗೆ ಓಡ್ತಾಳೆ. ಸತ್ತ ಮನೇಲಿ ನಮ್ಮ ಸಾಮಾನಿನ ಮಾತು ಎತ್ತೋದುಂಟೇ?"

ಡೆಲಿಯಾ ಹಾಳೆಯನ್ನು ಅವಳ ಕಡೆ ಸರಿಸಿದಳು, ಎನಿಡ್ ಆ ಸಾಲನ್ನೂ ಹೊಡೆದು ಹಾಕಿದಳು. ಕೊನೆಗೆ ಸಹಿಯ ಜಾಗದಲ್ಲಿ ಡೆಲಿಯಾ "ಮಿಸೆಸ್ ಡಿ. ಫರ್ತ್" ಎಂದು ಬರೆದಿದ್ದಳು. "ಇದು ಗ್ಯಾಸ್ ಬಿಲ್ಲಿನ ಥರ ಕಾಣುತ್ತೆ" ಎಂದು ಎನಿಡ್ ಅದನ್ನೂ ಸಣ್ಣದು ಮಾಡಿದಳು. ಕತ್ತರಿಸಿದ ಕಾಗದದ ಮೇಲೆ ಉಳಿದದ್ದು ಇಷ್ಟು:

"ಪ್ರಿಯ ವಿನಿ, ಕೊನೆಯ ಗಳಿಗೆಯಲ್ಲಿ ಸೆಡ್ರಿಕ್ ಅವರ ಕೈ ನನ್ನ ಕೈಯಲ್ಲಿತ್ತು. ನಗುತ್ತ ನಿಮ್ಮ ವಿಚಾರ ಹೇಳುತ್ತಿದ್ದರು. ಅಂಥ ಮೃದು ಮನಸ್ಸಿನವರನ್ನು ನಾನು ಎಂದಿಗೂ ಮರೆಯಲಾರೆ. ಡೆಲಿಯಾ."

ಎನಿಡ್ ಒಂದೇ ಉಸಿರಿಗೆ ಓದಿದಳು. ನಾಲಿಗೆ ಎಲ್ಲೂ ತಡೆಯಲಿಲ್ಲ. ಡೆಲಿಯಾಳ ಕಣ್ಣು ತುಂಬಿತು. ಚೀಸಂಗಡಿಯ ಕ್ಲೆಮ್ ಕೂಡ ಟೋಪಿ ತೆಗೆದ. ಡೆಲಿಯಾ ಅಲ್ಲೇ ಕೂತು ಮಸಿಯಲ್ಲಿ ಬರೆದಳು, ನೀಲಿ ಹಾಳೆಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು, ಅಂತ್ಯಕ್ರಿಯೆಯವರ ಕಚೇರಿಗೆ ಕಾರ್ಡು ಕೊಟ್ಟು ಹೋದಳು. ಅದು ಒಳ್ಳೆಯ ಕೆಲಸವಾಯಿತೆಂದು ಎನಿಡ್ ಆ ದಿನ ಅಂದುಕೊಂಡಳು.

ಮೊದಲ ಹಿಮ ಬೀಳುವ ಹೊತ್ತಿಗೆ ಕ್ಲೆಮ್ ಒಂದು ಬೆಳಿಗ್ಗೆ ಚಹಾದ ಲೋಟ ಹಿಡಿದು ಬಂದು ಅವಳ ಮಳಿಗೆಯ ಅಂಚಿಗೆ ಒರಗಿದ.

"ಗಂಡಸರನ್ನ ನಂಬಬಾರದು ಎನಿಡ್. ನಾನೇ ಹೇಳ್ತಿದ್ದೀನಿ."

"ನಿನ್ನ ನಾನು ಯಾವತ್ತು ನಂಬಿದ್ದೆ?"

"ನಂದಲ್ಲ ಚಿನ್ನ. ಆ ಸೆಡ್ರಿಕ್ ಬೂತ್, ಕಂಬಳಿ ಗಿರಣೀಲಿ ಮೇಸ್ತ್ರಿಯಾಗಿದ್ನಲ್ಲ, ಬಾಯಿಗೆ ಬೆರಳಿಟ್ಟರೂ ಕಚ್ಚದೋನ ಹಾಗಿದ್ದೋನು. ಅವನಿಗೆ ಗುಡ್ಡದ ಮೇಲೆ ಒಬ್ಳು ಇದ್ಲಂತೆ."

ಎನಿಡ್ ಜೋಡಿಸುತ್ತಿದ್ದ ಕಾರ್ಡುಗಳನ್ನು ಕೆಳಗಿಟ್ಟಳು.

"ವಿನಿ ತಂಗಿ ನಿನ್ನೆ ಚೀಸಿಗೆ ಬಂದಿದ್ಲು, ಅವಳೇ ಹೇಳಿದ್ಲು. ಲೈಬ್ರರಿಗೆ ಅಂತ ಹೇಳಿ ಹೋದವನು ಊರಾಚೆ ಬಿದ್ದಿದ್ದ. ಆಸ್ಪತ್ರೆಯೋರು ಅವನ ಬಟ್ಟೆಗಂಟು ಕೊಟ್ರೆ ಅದರಲ್ಲಿ ಹೆಂಗಸಿನ ಕೋಟು! ಒಳ್ಳೇ ಉಣ್ಣೇದು, ಜೇಬಲ್ಲಿ ತುಟಿಗೆ ಹಚ್ಚೋ ಬಣ್ಣ. ಆಗ್ಲೂ ಪಾಪ ವಿನಿ, ಆಸ್ಪತ್ರೆಯೋರೇ ಅದಲುಬದಲು ಮಾಡಿರಬೇಕು ಅಂತಿದ್ಲಂತೆ. ಆಮೇಲೆ ಬಂತಲ್ಲ ಕಾರ್ಡು. 'ಕೈಯಲ್ಲಿ ಕೈ ಇತ್ತು, ನಿನ್ನ ವಿಚಾರ ಹೇಳ್ಕೊಂಡು ನಗ್ತಿದ್ವಿ' ಅಂತ. ಹೆಸರೂ ಹಾಕಿದಾಳೆ, ಮಾನಗೆಟ್ಟವಳು. ಡೆಲಿಯಾ ಅಂತೆ." ಅಲ್ಲಿಗೆ ಅವನ ಮಾತೂ ನಿಧಾನವಾಯಿತು. ಲೋಟ ಕೆಳಗಿಟ್ಟ. "ಎನಿಡ್... ಆ ನಡುಗ್ತಾ ಬಂದಿದ್ದೋಳು..."

"ಮುಂದೆ ಹೇಳು. ವಿನಿ ಏನು ಮಾಡಿದ್ಲು?"

"ಹೆಣ ಸುಟ್ಟದ್ದೇನೋ ಆಗಿತ್ತು, ಗಂಡನ ಬೂದಿ ನನಗೆ ಬೇಡ ಅಂದ್ಬಿಟ್ಳಂತೆ."

ಎನಿಡ್ ಮಳಿಗೆಗೆ ಬಟ್ಟೆ ಎಳೆದು ಮುಚ್ಚಿದಳು. ಮಾರ್ಕೆಟ್ಟಿನಲ್ಲಿ ಅವಳು ಹಗಲು ಹೊತ್ತಿನಲ್ಲಿ ಬಟ್ಟೆ ಎಳೆದದ್ದನ್ನು ಯಾರೂ ನೋಡಿರಲಿಲ್ಲ. ವಿನಿಯ ಮನೆಯ ಕಡೆ ನಡೆಯುತ್ತ ಆ ಮೂರು ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಂಡಳು. ಪ್ರತಿ ಪದವೂ ನಿಜ. ಅವಳಿಗೆ ಅದರೊಳಗೆ ಬಸ್ಸು ಕಾಣುತ್ತಿತ್ತು, ಗಾಳಿ ಕಾಣುತ್ತಿತ್ತು, ಸ್ನಾನದ ಹಲಗೆ ಕಾಣುತ್ತಿತ್ತು. ಉದ್ದದ್ದನ್ನು ಓದಿದವರಿಗೆ ಮಾತ್ರ ಗಿಡ್ಡದ್ದು ಪೂರ್ತಿಯಾಗಿ ಕಾಣುತ್ತದೆ. ವಿನಿ ಓದಿದ್ದು ಗಿಡ್ಡದ್ದೊಂದನ್ನೇ.

ವಿನಿ ಬೂತ್ ಬಾಗಿಲು ತೆರೆದು ಮಾರ್ಕೆಟ್ಟಿನವಳನ್ನು ಗುರುತು ಹಿಡಿದಳು. "ಧನ್ಯವಾದದ ಕಾರ್ಡು ಮಾರೋಕೆ ಬಂದ್ರಾ? ನಾನು ಯಾರಿಗೂ ಧನ್ಯವಾದ ಹೇಳ್ತಿಲ್ಲ."

"ಇಲ್ಲ ಮಿಸೆಸ್ ಬೂತ್. ಒಳಗೆ ಬರಬಹುದಾ?"

ಬೆಂಕಿಗೂಡಿನ ಮೇಲಿನ ಹಲಗೆ ಬರಿದಾಗಿತ್ತು. ಒಂದೇ ಒಂದು ಕಾರ್ಡೂ ಇರಲಿಲ್ಲ. ಮೂಲೆಯಲ್ಲಿ ಶಾಲೆಯ ಉಡುಪಿನ ಹುಡುಗನೊಬ್ಬನ ಚಿತ್ರ ಇತ್ತು. ಅದರ ಪಕ್ಕದಲ್ಲಿ ಗೋಡೆಗೆ ಅಂಟಿಸಿದ್ದ ಬಣ್ಣದ ಕಾಗದ ಚೌಕಾಕಾರವಾಗಿ ಬೆಳ್ಳಗಿತ್ತು, ಅಲ್ಲಿದ್ದ ಇನ್ನೊಂದು ಚಿತ್ರ ತೆಗೆದಿದ್ದರು.

ಎನಿಡ್ ಕೂರಲಿಲ್ಲ. "ನಿಮಗೆ ಡೆಲಿಯಾ ಅನ್ನೋರ ಹೆಸರಲ್ಲಿ ಬಂದ ಕಾರ್ಡು, ಅದನ್ನ ಬರೆಸಿದೋಳು ನಾನು."

ವಿನಿ ಕೋಲಿನ ಮೇಲೆ ಭಾರ ಬಿಟ್ಟು ನಿಂತಳು. "ಓ. ಅದಕ್ಕೂ ಅಂಗಡಿ ಇದೆಯಾ? ಅವಳೇ ಕಳಿಸಿದ್ಲಾ ನಿಮ್ಮನ್ನ? ಕೋಟು ಬೇಕಂತಾ? ಕಲ್ಲಿದ್ದಲಿನ ಕೋಣೇಲಿ ಬಿದ್ದಿದೆ, ತಗೊಂಡು ಹೋಗಿ."

"ಅವರು ನಿಮ್ಮ ಯಜಮಾನರನ್ನ ಅವತ್ತಿನವರೆಗೆ ಕಂಡೇ ಇರಲಿಲ್ಲ. ಬಸ್ಸಿಗೆ ಕಾಯ್ತಾ ಪಕ್ಕದಲ್ಲಿ ಕೂತಿದ್ದವರು. ಚಳಿ ಅಂತ ಕೋಟು ಹೊದಿಸಿದ್ರು. ಅಷ್ಟೇ."

"ಚೆನ್ನಾಗಿ ಹೇಳ್ತೀರಿ. ಹೇಳೋದೇ ನಿಮ್ಮ ಕಸುಬಲ್ವಾ? ಅಪರಿಚಿತಳು 'ಎಂದಿಗೂ ಮರೆಯಲಾರೆ' ಅಂತ ಬರೀತಾಳಾ? ನನ್ನನ್ನ 'ಪ್ರಿಯ ವಿನಿ' ಅಂತಾಳಾ? ಲೈಬ್ರರಿ ಬಿಟ್ಟು ಅವರಿಗೆ ಅಲ್ಲೇನು ಕೆಲಸ?"

"ಸ್ನಾನದ ತೊಟ್ಟಿಗೆ ಅಡ್ಡ ಹಾಕೋ ಹಲಗೆ ನೋಡೋಕೆ ಹೋಗಿದ್ರು" ಎಂದಳು ಎನಿಡ್. "ಯಾರದೋ ಮನೇಲಿ ಸೆಕೆಂಡ್ ಹ್ಯಾಂಡ್ ಇತ್ತಂತೆ. ಮುದುಕೀರ ಸಾಮಾನು ಮನೆಗೆ ಬರಕೂಡದು ಅಂತ ನೀವು ಅಂದಿದ್ರಂತೆ. ಅದಕ್ಕೇ ಲೈಬ್ರರಿ ಅಂತ ಸುಳ್ಳು ಹೇಳಿದೆ ಅಂದ್ರಂತೆ. ಅದನ್ನ ಹೇಳ್ತಾ ನಗ್ತಿದ್ರು. ಅದು ಅವರ ಕೊನೆ ಮಾತು."

ಮುದುಕೀರ ಸಾಮಾನಿನ ಆ ಮಾತು ವಿನಿ ಸೆಡ್ರಿಕ್ಕನಿಗೆ ಹೇಳಿದ್ದು ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು. ಅವನು ಎರಡೂ ಕಂಕುಳಲ್ಲಿ ಕೈ ಕೊಟ್ಟು ಅವಳನ್ನು ತೊಟ್ಟಿಯಿಂದ ಎತ್ತುತ್ತಿದ್ದಾಗ. ಇನ್ನೊಂದು ಕಿವಿಗೆ ಅದು ಬಿದ್ದಿರಲಾರದು.

"ಇದನ್ನ ಅವಳು ಬರೆದಿದ್ಲಾ?" ಎಂದು ವಿನಿ ಕೇಳಿದಳು.

"ಅವರು ಬರೆದಿದ್ರು. ಕೋಟಿಂದೂ ಬರೆದಿದ್ರು. ನಾನು ಹೊಡೆದು ಹಾಕಿದೆ."

"ಯಾಕೆ?"

ಎನಿಡಳ ಬಳಿ ಕಾರಣಗಳಿದ್ದವು. ಬೆಂಕಿಗೂಡಿನ ಹಲಗೆ, ನೆರೆಯವರು, ಮರ್ಯಾದೆ. ಬರಿದಾದ ಹಲಗೆಯ ಎದುರು ನಿಂತು ಅವನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ಜಾಗ ಸಾಲದು ಅಂತ" ಎಂದಳು.

ವಿನಿ ಕುರ್ಚಿಗೆ ಇಳಿದಳು. ಸೊಂಟ ಹಿಡಿದುಕೊಂಡು ಇಳಿಯುವುದಕ್ಕೆ ಬಹಳ ಸಮಯ ಹಿಡಿಯಿತು. ಎನಿಡ್ ಕೈ ಚಾಚಿದಳು, ವಿನಿ ಅದನ್ನು ಮುಟ್ಟಲಿಲ್ಲ.

"ಆ ಹುಡುಗ ನಮ್ಮ ಕೀತ್" ಎಂದಳು, ಚಿತ್ರದ ಕಡೆ ನೋಡದೆಯೇ. "ಮಿದುಳುಜ್ವರ ಬಂದು ಹೋದ. ಅವನ ಸಮಾಧಿಗೆ ಜಾಗ ಕೊಂಡಾಗಲೇ ಸೆಡ್ರಿಕ್ ಹೇಳಿ ಇಟ್ಟಿದ್ರು, ಕಲ್ಲಿನ ಕೆಳಗಡೆ ನಮ್ಮಿಬ್ಬರ ಹೆಸರಿಗೂ ಜಾಗ ಬಿಡಿ ಅಂತ. ಮೂವರೂ ಒಟ್ಟಿಗೆ ಅಂತ. ಪ್ರತಿ ಭಾನುವಾರ ಹೋಗಿ ಕಲ್ಲು ಉಜ್ಜೋರು. ಕಾರ್ಡು ಬಂದ ದಿನ ಅಂತ್ಯಕ್ರಿಯೆಯವನು ಕೇಳಿದ, ಬೂದಿ ಮಗನ ಹತ್ರಾನೇ ಹೂಳೋದು ತಾನೇ ಅಂತ. ನನ್ನ ಮಗನ ಹತ್ರ ಅವರು ಬರಕೂಡದು ಅಂದೆ. ಎಲ್ಲಿ ಬೇಕಾದ್ರೂ ಚೆಲ್ಲಿ ಅಂದೆ. ಸಹಿ ಹಾಕಿದೆ. ಚೆಲ್ಲಿದ್ರು. ಚಿತಾಗಾರದ ಹಿಂದೆ ಗುಲಾಬಿ ಪಾತಿ ಇದೆಯಂತೆ, ಅಲ್ಲಿ. ನಾನು ಹೋಗ್ಲೂ ಇಲ್ಲ."

ಎನಿಡ್ ಏನೋ ಹೇಳಲು ಹೋದಳು. ಸಾವಿನ ಮನೆಯಲ್ಲಿ ಏನು ಹೇಳಬಾರದು ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಏನು ಹೇಳಬಹುದು ಎಂದು ಹುಡುಕಿದರೆ ಒಂದೂ ಸಿಗಲಿಲ್ಲ.

"ಆ ಹಾಳೆಗಳು ಇವೆಯಾ?" ವಿನಿ ಕೇಳಿದಳು. "ಅವಳು ಬರೆದದ್ದು. ಪೂರ್ತಿ."

"ಇದ್ದರೆ ಅವರ ಹತ್ರ ಇರ್ತಾವೆ."

"ಕರ್ಕೊಂಡು ಬನ್ನಿ."

ಎನಿಡ್ ಬಸ್ಸು ಹತ್ತಿ ಗುಡ್ಡದ ಬಡಾವಣೆಗೆ ಹೋದಳು. ಶಾಲೆಯ ಅಡುಗೆಮನೆಯ ಹಿಂಬಾಗಿಲಲ್ಲಿ ಡೆಲಿಯಾ ದೊಡ್ಡ ಪಾತ್ರೆಯೊಂದನ್ನು ಉಜ್ಜುತ್ತ ನಿಂತಿದ್ದಳು. ವಿಷಯ ಕೇಳಿ ಅವಳು ಕೂಗಾಡಲಿಲ್ಲ. "ನಾನು ಹೇಳಿದೆ ನಿಮಗೆ, ಕೋಟಿನ ವಿಚಾರ" ಎಂದಳು ಅಷ್ಟೇ. ಆಮೇಲೆ, "ಹೇಳಿ ಸುಮ್ಮನಾದೆ. ನೀವು ಬರೆದದ್ದು ನನ್ನದಕ್ಕಿಂತ ಚೆನ್ನಾಗಿತ್ತಲ್ಲ" ಎಂದಳು. ಹಾಳೆಗಳು ಮನೆಯಲ್ಲಿದ್ದವು, ಹೊಲಿಗೆಯ ಡಬ್ಬಿಯಲ್ಲಿ. ಎಸೆಯಲು ಮನಸ್ಸು ಬಂದಿರಲಿಲ್ಲ.

ಅವರು ಬಂದಾಗ ವಿನಿ ಕಲ್ಲಿದ್ದಲ ಕೋಣೆಯಿಂದ ಕೋಟು ತಂದು ಮಸಿ ಕೊಡವುತ್ತಿದ್ದಳು. ಡೆಲಿಯಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಷ್ಟು ದಿನ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹೆಂಗಸನ್ನು ಇವಳಲ್ಲಿ ಹುಡುಕಿದಳೋ ಏನೋ. ಎದುರಿಗಿದ್ದವಳು ನೀರಿನಲ್ಲಿ ಬಿರಿದ ಕೈಯವಳು, ಮಳೆಯಂಗಿಯಲ್ಲಿ ನಡುಗುತ್ತಿದ್ದವಳು.

"ಇಷ್ಟು ದಿನ ಕೋಟಿಲ್ದೆ ಓಡಾಡಿದ್ರಾ?"

"ಅಭ್ಯಾಸ ಆಗಿದೆ."

"ನಾನು ಇದನ್ನ ಕಾಲಲ್ಲಿ ಒದ್ದೆ" ಎಂದಳು ವಿನಿ. "ಕೂತ್ಕೊಳಿ. ಓದಿ."

ಡೆಲಿಯಾ ಓದಲು ಶುರುಮಾಡಿದಳು. ಪೆನ್ಸಿಲ್ಲಿನ ಗೀಟುಗಳು ಹಾಗೇ ಇದ್ದವು, ಅವುಗಳ ಕೆಳಗಿನಿಂದ ಓದಬೇಕಾಗಿತ್ತು. ಅವಳು ಚೆನ್ನಾಗಿ ಓದುವವಳಲ್ಲ. ಬಸ್ಸು ತಡವಾದದ್ದು, ಗಾಳಿ, ಅವನು ತನ್ನ ಕರವಸ್ತ್ರದಿಂದ ಬೆಂಚು ಒರೆಸಿ ಅವಳಿಗೆ ಜಾಗ ಮಾಡಿಕೊಟ್ಟದ್ದು. ಎನಿಡ್ ಬಾಗಿಲ ಬಳಿ ನಿಂತು ಕೇಳಿದಳು. ಕರವಸ್ತ್ರವನ್ನು ಹೊಡೆದು ಹಾಕಿದ್ದು ಅವಳಿಗೆ ನೆನಪೇ ಇರಲಿಲ್ಲ.

"ತಡೀರಿ" ಎಂದು ವಿನಿ ಕೈಯೆತ್ತಿ, ಎನಿಡ್ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನೀವಿನ್ನು ಹೋಗಿ ಮಿಸ್ ಹಾರ್ಗ್ರೀವ್ಸ್. ನೀವಿದ್ರೆ ಇವರು ಅವಸರ ಮಾಡ್ತಾರೆ."

ಎನಿಡ್ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಕಿಟಕಿಯ ಪರದೆಯ ಸಂದಿಯಲ್ಲಿ, ಡೆಲಿಯಾ ಮೊದಲ ಹಾಳೆಗೇ ವಾಪಸು ಹೋದದ್ದು ಕಂಡಿತು.

ಚಿತಾಗಾರಕ್ಕೆ ಎನಿಡ್ ತಾನಾಗಿಯೇ ಹೋದಳು. ಬೂದಿ ವಾಪಸು ಸಿಗಬಹುದೇನೋ ಎಂಬ ಆಸೆ. ಅಲ್ಲಿನವನು ಒಳ್ಳೆಯವನು, ಜೊತೆಗೆ ಬಂದು ಪಾತಿ ತೋರಿಸಿದ. ಎಲೆ ಉದುರಿ ಗುಲಾಬಿ ಗಿಡಗಳು ಬರೀ ಮುಳ್ಳುಕಡ್ಡಿಗಳಾಗಿದ್ದವು. ಸೆಡ್ರಿಕ್ಕನದಾದ ಮೇಲೆ ಅದೇ ಪಾತಿಯಲ್ಲಿ ಬೇರೆಯವರ ಬೂದಿಯನ್ನೂ ಚೆಲ್ಲಿದ್ದಾರೆ, ಮೇಲೆ ಹಿಮ ಬಿದ್ದು ಕರಗಿದೆ, ಮಣ್ಣು ಅಗೆದು ಕೊಟ್ಟರೆ ಯಾರದು ಎಂದು ಹೇಳಿ ಕೊಡಲಿ ಎಂದ. ಎನಿಡ್ ತಲೆಯಾಡಿಸಿ ಬಂದಳು.

ಅವಳು ಮಳಿಗೆ ಮುಚ್ಚಲಿಲ್ಲ. ಜನ ಬರುವುದು ನಿಲ್ಲಲಿಲ್ಲ, ಸಾವೂ ನಿಲ್ಲಲಿಲ್ಲ. ಆದರೆ ಪೆನ್ಸಿಲ್ಲು ಎತ್ತುವ ಮೊದಲು ಈಗ ಒಂದು ಪ್ರಶ್ನೆ ಕೇಳುತ್ತಿದ್ದಳು: ಆ ಮನೆಯಲ್ಲಿ ನಿಮ್ಮನ್ನು ಬಲ್ಲವರು ಯಾರಿದ್ದಾರೆ? ಯಾರೂ ಇಲ್ಲವೆಂದರೆ, ನೀವು ಯಾರು, ಸತ್ತವರನ್ನು ಎಲ್ಲಿ ಹೇಗೆ ಕಂಡಿರಿ ಎಂಬುದು ಮೊದಲ ಸಾಲು. ಹೊಡೆದು ಹಾಕಿದ್ದನ್ನೆಲ್ಲ ಒಮ್ಮೆ ಗಟ್ಟಿಯಾಗಿ ಓದಿ, ಇದಿಲ್ಲದೆ ಅವರಿಗೆ ಅರ್ಥವಾಗುತ್ತದೆಯೇ ಎಂದು ಕೇಳುತ್ತಿದ್ದಳು. ಜಾಗ ಸಾಲದಿದ್ದರೆ ಎಡಗಡೆಯ ಖಾಲಿ ಪುಟಕ್ಕೂ ಬರೆಸುತ್ತಿದ್ದಳು. ಕ್ಲೆಮ್ ಇದಕ್ಕೆಲ್ಲ ಏನೂ ಹಾಸ್ಯ ಮಾಡುತ್ತಿರಲಿಲ್ಲ.

ವಿನಿ ಶುಕ್ರವಾರದ ಮೀನಿಗೆ ಮಾರ್ಕೆಟ್ಟಿಗೆ ಬರುತ್ತಿದ್ದಳು, ಆಚೆ ಸಾಲಿನಿಂದಲೇ ಕೊಂಡು ಹೋಗುತ್ತಿದ್ದಳು. ಕೆಲವು ಸಲ ಜೊತೆಗೆ ಡೆಲಿಯಾ ಇರುತ್ತಿದ್ದಳು, ಚೀಲ ಹಿಡಿದುಕೊಂಡು. ಡೆಲಿಯಾ ದೂರದಿಂದ ತಲೆಬಾಗುವಳು. ವಿನಿ ಈ ಕಡೆ ನೋಡುತ್ತಿರಲಿಲ್ಲ.

ಕೊನೆಯ ಒಂದೆರಡು ವರ್ಷ ವಿನಿಯನ್ನು ಒಂದೇ ಯೋಚನೆ ತಿಂದಿತು ಎಂದು ಡೆಲಿಯಾ ಆಮೇಲೆ ಎನಿಡಳಿಗೆ ಹೇಳಿದಳು. ಸತ್ತ ಮೇಲೆ ತನ್ನ ಬೂದಿ ಗುಲಾಬಿ ಪಾತಿಗೆ ಹೋದರೆ ಸೆಡ್ರಿಕ್ ಜೊತೆ, ಮಗ ಒಂಟಿ. ಸಮಾಧಿಗೆ ಹೋದರೆ ಮಗನ ಜೊತೆ, ಗಂಡ ಒಂಟಿ. ಒಂದು ದಿನ ಹೀಗೆ ಅನ್ನುವಳಂತೆ, ಒಂದು ದಿನ ಹಾಗೆ. ಬೂದಿಯನ್ನು ಎರಡು ಪಾಲು ಮಾಡಬಹುದು ಎಂದು ಯಾರೋ ಹೇಳಿದಾಗ, "ನಾನು ಚೀಸಲ್ಲ" ಎಂದಳಂತೆ.

ಒಂದು ಮಾರ್ಚಿನಲ್ಲಿ ವಿನಿ ತೀರಿಕೊಂಡಳು. ಮಗನ ಸಮಾಧಿಯ ಹತ್ತಿರ ಡೆಲಿಯಾ, ವಿನಿಯ ತಂಗಿ, ಪಾದ್ರಿ, ಹಿಂದೆ ಗೇಟಿನ ಬಳಿ ಎನಿಡ್. ಕಲ್ಲಿನ ಮೇಲೆ ಕೀತನ ಹೆಸರಿನ ಕೆಳಗೆ ವಿನಿಯ ಹೆಸರು ಕೆತ್ತಿದರು. ಅದರ ಕೆಳಗೆ ಇನ್ನೊಂದು ಹೆಸರಿಗೆ ಬಿಟ್ಟಿದ್ದ ಜಾಗ ನುಣ್ಣಗೆ ಹಾಗೇ ಉಳಿಯಿತು. ಅಲ್ಲಿ ಇಲ್ಲದವನ ಹೆಸರು ಅಲ್ಲಿ ಬರೆಯುವುದಿಲ್ಲ ಎಂದು ವಿನಿಯೇ ಹೇಳಿ ಹೋಗಿದ್ದಳು.